ರಕ್ತದಾನ ಶಿಬಿರದ ಪ್ರಶ್ನಾವಳಿ ಮತ್ತು ದಾನದ ನಂತರದ ಸೂಚನಾ ಪತ್ರ: ಕಾಸರಗೋಡಿನ ಕನ್ನಡ ದಾನಿಗಳು ತಿಳಿದಿರಬೇಕಾದದ್ದು

ಕಾಸರಗೋಡು, ಮಂಜೇಶ್ವರ ಭಾಗದ ಶಾಲೆ, ಯುವಕ ಸಂಘ, ಭಜನಾ ಮಂದಿರ ಮತ್ತು ಮಸೀದಿ ವಠಾರಗಳಲ್ಲಿ ನಡೆಯುವ ರಕ್ತದಾನ ಶಿಬಿರಗಳಲ್ಲಿ ದಾನಿಯ ಕೈಗೆ ಎರಡು ಕಾಗದಗಳು ಬರುತ್ತವೆ. ಮೊದಲನೆಯದು ರಕ್ತ ಕೊಡುವ ಮುಂಚೆ ತುಂಬಿಸುವ ಪ್ರಶ್ನಾವಳಿ, ಎರಡನೆಯದು ರಕ್ತ ಕೊಟ್ಟ ಮೇಲೆ ಬಿಸ್ಕತ್ತು ಮತ್ತು ಜ್ಯೂಸಿನ ಜೊತೆಗೆ ಸಿಗುವ ಸೂಚನಾ ಪತ್ರ. ಮೊದಲನೆಯದನ್ನು ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ, ಎರಡನೆಯದು ಅಲ್ಲೇ ಬೆಂಚಿನ ಮೇಲೆ ಉಳಿಯುತ್ತದೆ. ಇದಕ್ಕೆ ಅವಸರ ಮಾತ್ರ ಕಾರಣವಲ್ಲ. ಈ ಭಾಗದಲ್ಲಿ ಸಿಗುವ ನಮೂನೆ ಸಾಮಾನ್ಯವಾಗಿ ಮಲಯಾಳ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಹಲವರಿಗೆ ಮಲಯಾಳ ಮಾತನಾಡಲು ಬರುತ್ತದೆ, ಅಕ್ಷರ ಓದಲು ಬರುವುದಿಲ್ಲ.

ದಾನಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಶ್ನೆಗಳನ್ನು ಕೇಳಬೇಕು ಎಂಬುದು ದಾನಿಗಳ ಆಯ್ಕೆಗೆ ಇರುವ ನಿಯಮದ ಆಶಯವೇ ಆಗಿದೆ. ಆದುದರಿಂದ ನಮೂನೆ ಓದಲು ಬಾರದವರು ಅದನ್ನು ಓದಿ ಹೇಳುವಂತೆ ಶಿಬಿರದ ನರ್ಸ್ ಅಥವಾ ಸಮಾಲೋಚಕರನ್ನು ಕೇಳಬಹುದು, ಇದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಆದರೆ ಓದಿ ಹೇಳುವವರು ಸಂಘಟಕ ಸಂಘದ ಪರಿಚಯದ ಹುಡುಗರಾಗದಿರುವುದು ಒಳ್ಳೆಯದು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಪ್ರಶ್ನಾವಳಿ ಏಕೆ ಬೇಕು?

ಹೇಗೂ ರಕ್ತವನ್ನು ಪರೀಕ್ಷೆ ಮಾಡುತ್ತಾರಲ್ಲ, ಮತ್ತೆ ಈ ಪ್ರಶ್ನೆಗಳೆಲ್ಲ ಯಾಕೆ ಎಂದು ದಾನಿಗಳು ಕೇಳುವುದಿದೆ. ಭಾರತದಲ್ಲಿ ದಾನವಾಗಿ ಬಂದ ಪ್ರತಿಯೊಂದು ಚೀಲದ ರಕ್ತಕ್ಕೂ ಐದು ಸೋಂಕುಗಳ ಪರೀಕ್ಷೆ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯ. ಡೆಂಗ್ಯು, ಚಿಕುನ್‌ಗುನ್ಯ, ಟೈಫಾಯಿಡ್, ಇಲಿಜ್ವರ ಮೊದಲಾದವು ಈ ಪಟ್ಟಿಯಲ್ಲಿಲ್ಲ. ಅವುಗಳನ್ನು ಹಿಡಿಯಲು ಇರುವ ಜರಡಿ ದಾನಿಯ ಉತ್ತರ ಒಂದೇ.

ಪಟ್ಟಿಯಲ್ಲಿರುವ ಸೋಂಕುಗಳ ವಿಷಯದಲ್ಲೂ ಒಂದು ತೊಡಕಿದೆ. ವೈರಸ್ ದೇಹಕ್ಕೆ ಸೇರಿದ ದಿನವೇ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಎಚ್‌ಐವಿಯಾದರೆ ಸಾಮಾನ್ಯ ಪರೀಕ್ಷೆಯಲ್ಲಿ ಗೊತ್ತಾಗಲು ಎರಡರಿಂದ ನಾಲ್ಕು ವಾರಗಳೇ ಬೇಕಾಗುತ್ತವೆ, ಹೆಪಟೈಟಿಸ್ ಬಿಗೆ ಇನ್ನೂ ಹೆಚ್ಚು. ವೈರಸ್‌ನ ಅಂಶವನ್ನೇ ನೇರವಾಗಿ ಹುಡುಕುವ ನ್ಯಾಟ್ ಎಂಬ ಪರೀಕ್ಷೆ ಈ ಅಂತರವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅಲ್ಲದೆ ಅದು ದೇಶದ ಎಲ್ಲ ರಕ್ತ ಕೇಂದ್ರಗಳಲ್ಲೂ ಇಲ್ಲ. ಈ ನಡುವಿನ ದಿನಗಳಲ್ಲಿ ದಾನ ಮಾಡಿದ ರಕ್ತ ಪರೀಕ್ಷೆಯಲ್ಲಿ ಶುದ್ಧವೆಂದು ತೇರ್ಗಡೆಯಾಗಿ ರೋಗಿಯ ಮೈಸೇರುತ್ತದೆ. ಒಂದು ಚೀಲದ ರಕ್ತವನ್ನು ಕೆಂಪು ಕಣ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿದಾಗ ಅದು ಮೂವರಿಗೆ ಹೋಗಬಹುದು.

ಇನ್ನು ಕೆಲವು ಪ್ರಶ್ನೆಗಳು ರೋಗಿಗಾಗಿ ಅಲ್ಲ, ದಾನಿಯ ರಕ್ಷಣೆಗಾಗಿಯೇ ಇರುವಂತಹವು. ಊಟ, ನಿದ್ದೆ, ತೂಕ, ಫಿಟ್ಸ್, ಹೃದಯದ ತೊಂದರೆ, ಹಿಂದೆ ತಲೆ ತಿರುಗಿ ಬಿದ್ದದ್ದುಂಟೇ ಎಂಬ ಪ್ರಶ್ನೆಗಳು ಈ ಗುಂಪಿನವು.

ಒಬ್ಬ ದಾನಿಯ ನಮೂನೆ

ಉದಾಹರಣೆಗೆ ಕುಂಬಳೆ ಕಡೆಯ ಒಂದು ಹಳ್ಳಿಯಲ್ಲಿ ಆಗಸ್ಟ್ ಕೊನೆಯ ಭಾನುವಾರ ಶಿಬಿರ ನಡೆಯುತ್ತಿದೆ ಎಂದಿಟ್ಟುಕೊಳ್ಳೋಣ. 23 ವರ್ಷದ ಒಬ್ಬ ಯುವಕ ಬರುತ್ತಾನೆ. ತೂಕ 52 ಕಿಲೋ. ಮಳೆಗಾಲದಲ್ಲಿ ಅಡಿಕೆ ಮರಗಳಿಗೆ ಹತ್ತಿ ಮದ್ದು ಬಿಡುವುದು, ನಂತರ ಅಡಿಕೆ ಕೊಯ್ಯುವುದು ಅವನ ಕೆಲಸ. ಮೊದಲ ಸಲದ ದಾನ.

ವಯಸ್ಸು 18ರಿಂದ 65ರ ನಡುವೆ ಇರಬೇಕು, ಮೊದಲ ಬಾರಿ ಕೊಡುವವರಾದರೆ 60 ದಾಟಿರಬಾರದು. ಇಲ್ಲಿ ತೊಂದರೆಯಿಲ್ಲ. ತೂಕ ಕನಿಷ್ಠ 45 ಕಿಲೋ ಬೇಕು. 45 ಕಿಲೋ ಇದ್ದವರಿಂದ 350 ಮಿಲಿಲೀಟರ್ ಮಾತ್ರ ತೆಗೆಯುತ್ತಾರೆ, 450 ಮಿಲಿಲೀಟರ್ ಕೊಡಬೇಕಾದರೆ 55 ಕಿಲೋಗಿಂತ ಹೆಚ್ಚು ತೂಕವಿರಬೇಕು. ಹಾಗಾಗಿ ಈತನಿಗೆ ಸಿಗುವುದು ಚಿಕ್ಕ ಚೀಲ. ಅವನ ಮೈಯಲ್ಲಿ ಸುಮಾರು ಮೂರೂವರೆ ಲೀಟರಿಗೂ ಸ್ವಲ್ಪ ಹೆಚ್ಚು ರಕ್ತವಿರುತ್ತದೆ. 350 ಮಿಲಿಲೀಟರ್ ಎಂದರೆ ಅದರ ಹತ್ತರಲ್ಲೊಂದು ಪಾಲಿನೊಳಗೆ ಆಯಿತು. ನೋಂದಣಿ ಮೇಜಿನಲ್ಲಿ ಅಂದಾಜಿಗೆ 56 ಎಂದು ಬರೆಸಿದರೆ ಈ ಲೆಕ್ಕ ತಪ್ಪುತ್ತದೆ. ತೂಕದ ಯಂತ್ರದ ಮೇಲೆ ನಿಲ್ಲಿಸದೆ ಬಾಯಿಮಾತಿನಲ್ಲಿ ತೂಕ ಬರೆದುಕೊಳ್ಳುವ ಶಿಬಿರವಾದರೆ ದಾನಿಯೇ ಯಂತ್ರ ಕೇಳುವುದು ಉತ್ತಮ.

ಕಳೆದ 4 ಗಂಟೆಗಳಲ್ಲಿ ಏನಾದರೂ ತಿಂದಿದ್ದೀರಾ ಎಂಬುದು ಮುಂದಿನ ಪ್ರಶ್ನೆ. ಬೆಳಿಗ್ಗೆ 7ಕ್ಕೆ ಚಾ ಮತ್ತು ಎರಡು ಗೋಳಿಬಜೆ ತಿಂದು ಬಂದವನ ಸರದಿ ಬರುವಾಗ ಗಂಟೆ ಹನ್ನೊಂದೂವರೆ. ಉತ್ತರ 'ಇಲ್ಲ' ಎಂದೇ ಆಗಬೇಕು. ಇದಕ್ಕಾಗಿ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ, ಏನಾದರೂ ತಿನ್ನಿಸಿ, ಅರ್ಧ ಲೀಟರಿನಷ್ಟು ನೀರು ಕುಡಿಸಿ ಸ್ವಲ್ಪ ಹೊತ್ತಿನ ನಂತರ ಕರೆಯುತ್ತಾರೆ. ಏಕಾದಶಿ, ಷಷ್ಠಿಯ ಒಪ್ಪತ್ತು ಅಥವಾ ರಂಜಾನ್ ಉಪವಾಸ ಹಿಡಿದವರು ಆ ದಿನ ರಕ್ತ ಕೊಡುವಂತಿಲ್ಲ. ದಾನದ ನಂತರ ನೀರು ಕುಡಿಯಲೇಬೇಕಾಗಿರುವುದು ಇದಕ್ಕೆ ಕಾರಣ.

ಅನಂತರ ಬರುತ್ತದೆ ಜ್ವರದ ಪ್ರಶ್ನೆ. ಯುವಕನಿಗೆ ಜೂನ್ ತಿಂಗಳಲ್ಲಿ ಜ್ವರ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದ. ಡೆಂಗ್ಯು ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಜೂನ್ ಕೊನೆಗೆ ಪೂರ್ತಿ ಗುಣವಾಯಿತು. ಅವನ ಮಟ್ಟಿಗೆ ಅದು ಮುಗಿದ ವಿಷಯ. 'ಜ್ವರ ಇತ್ತು ಸಾರ್, ಈಗ ಎಂತ ಇಲ್ಲ' ಎಂದು ಹೇಳಿ ಮುಗಿಸುವುದೇ ಹೆಚ್ಚು. ಆದರೆ ಡೆಂಗ್ಯು ಅಥವಾ ಚಿಕುನ್‌ಗುನ್ಯ ಬಂದವರು ಪೂರ್ತಿ ಗುಣವಾದ ದಿನದಿಂದ 6 ತಿಂಗಳು ಕಾಯಬೇಕು. ಜೂನ್ ಕೊನೆಯಿಂದ ಲೆಕ್ಕ ಹಾಕಿದರೆ ಡಿಸೆಂಬರ್ ಕೊನೆ ಆಯಿತು. ಅಂದರೆ ಈ ಶಿಬಿರದಲ್ಲಿ ಆತ ರಕ್ತ ಕೊಡುವಂತಿಲ್ಲ, ಜನವರಿಯಲ್ಲಿ ಬರಬಹುದು. ಇದನ್ನು ತಾತ್ಕಾಲಿಕ ಮುಂದೂಡಿಕೆ ಎನ್ನುತ್ತಾರೆ. ಕಾರಣವನ್ನೂ ಮತ್ತೆ ಬರಬಹುದಾದ ದಿನಾಂಕವನ್ನೂ ಒಂದು ಚೀಟಿಯಲ್ಲಿ ಬರೆದು ಕೊಡುವಂತೆ ಕೇಳಿಕೊಂಡರೆ ಜನವರಿಯಲ್ಲಿ ಮತ್ತೆ ಮೊದಲಿನಿಂದ ವಿವರಿಸುವ ಕಷ್ಟವಿಲ್ಲ.

ಬೇರೆ ಜ್ವರಗಳ ಅವಧಿ ಬೇರೆ. ಮಲೇರಿಯ ಗುಣವಾಗಿ 3 ತಿಂಗಳಾಗಿರಬೇಕು. ಟೈಫಾಯಿಡ್ ಆದರೆ 12 ತಿಂಗಳು. ಬರೀ ಶೀತ, ಗಂಟಲು ನೋವು, ಸಾಧಾರಣ ಜ್ವರವಾದರೆ ಲಕ್ಷಣಗಳೆಲ್ಲ ಹೋದರೆ ಸಾಕು. ಹಾಗಾಗಿ 'ಜ್ವರ ಬಂದಿತ್ತು' ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಯಾವ ಜ್ವರ ಎಂದು ಹೇಳಬೇಕು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮನೆಯಲ್ಲಿದ್ದರೆ ತರುವುದು ಒಳ್ಳೆಯದು.

ಕಾಮಾಲೆಯ ತೊಡಕು

ಚೀಟಿಯ ಬೆಲೆ ಎಲ್ಲಕ್ಕಿಂತ ಹೆಚ್ಚು ಗೊತ್ತಾಗುವುದು ಕಾಮಾಲೆಯ ವಿಷಯದಲ್ಲಿ. ನೀರಿನಿಂದ ಹರಡುವ ಹೆಪಟೈಟಿಸ್ ಎ ಅಥವಾ ಇ ಬಂದವರು ಗುಣವಾಗಿ 12 ತಿಂಗಳ ನಂತರ ರಕ್ತ ಕೊಡಬಹುದು. ಹೆಪಟೈಟಿಸ್ ಬಿ ಅಥವಾ ಸಿ ಬಂದವರು ಎಂದಿಗೂ ಕೊಡುವಂತಿಲ್ಲ. ಯಾವ ವಿಧದ ಹೆಪಟೈಟಿಸ್ ಎಂದೇ ಗೊತ್ತಿಲ್ಲದವರನ್ನೂ ಈ ಎರಡನೇ ಗುಂಪಿಗೆ ಸೇರಿಸಬೇಕೆಂದು ರಾಷ್ಟ್ರೀಯ ರಕ್ತ ವರ್ಗಾವಣಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಕೇರಳದಲ್ಲಿ ಹೆಪಟೈಟಿಸ್ ಎ ಆಗಾಗ ಹರಡುವ ರೋಗ. ನಮ್ಮ ಹಳ್ಳಿಗಳಲ್ಲಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನಾಟಿ ಮದ್ದು ಕೊಡುವವರ ಮನೆ. ರೋಗ ತಾನಾಗಿ ಗುಣವಾಗುತ್ತದೆ, ಆದರೆ ಯಾವ ಪರೀಕ್ಷೆಯೂ ನಡೆದಿರುವುದಿಲ್ಲ. ಹತ್ತು ವರ್ಷದ ನಂತರ ಆ ವ್ಯಕ್ತಿ ಶಿಬಿರಕ್ಕೆ ಬಂದು ನಿಜ ಹೇಳಿದರೆ ಶಾಶ್ವತವಾಗಿ ಹೊರಗುಳಿಯಬೇಕಾಗಬಹುದು. ನೀರಿನಿಂದ ಬಂದ ಕಾಮಾಲೆ ಎಂದು ತೋರಿಸುವ ಒಂದು ಲ್ಯಾಬ್ ವರದಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಮದ್ದು ಎಲ್ಲಿಂದ ತಂದರೂ ಕಾಮಾಲೆಯ ಸಮಯದಲ್ಲಿ ಪರೀಕ್ಷೆಯೊಂದನ್ನು ಮಾಡಿಸಿ ವರದಿಯನ್ನು ತೆಗೆದಿಡುವುದಕ್ಕೆ ಇದೂ ಒಂದು ಕಾರಣ. ಹುಟ್ಟಿದ ಮಗುವಿಗೆ ಬರುವ ಕಾಮಾಲೆ ಮತ್ತು ಪಿತ್ತಕೋಶದ ಕಲ್ಲಿನಿಂದ ಬಂದ ಕಾಮಾಲೆ ದಾನಕ್ಕೆ ಅಡ್ಡಿಯಲ್ಲ.

ಪದಗಳಲ್ಲಿ ಎಡವುವುದು

ಮಲಯಾಳ ನಮೂನೆಯನ್ನು ಯಾರಾದರೂ ಓದಿ ಹೇಳುವಾಗ ಕೆಲವು ಪದಗಳು ಕನ್ನಡದವರಿಗೆ ಸುಲಭವಾಗಿ ತಿಳಿಯುತ್ತವೆ. ಕ್ಷಯ, ಅಪಸ್ಮಾರ, ಶಸ್ತ್ರಕ್ರಿಯೆ ಮೊದಲಾದವು ಎರಡೂ ಭಾಷೆಗಳಲ್ಲಿ ಹೆಚ್ಚು ಕಡಿಮೆ ಒಂದೇ. 'ಪಚ್ಚಕುತ್ತಲ್' ಎಂದರೆ ಹಚ್ಚೆ ಎಂದು ಊಹಿಸಬಹುದು, ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ಕಾಯಬೇಕು. ಆದರೆ 'ಮಂಞಪ್ಪಿತ್ತಂ' ಎಂಬುದು ಬರೀ ಪಿತ್ತವಲ್ಲ, ಕಾಮಾಲೆ. ಬೆಳಿಗ್ಗೆ ಪಿತ್ತ ಕೆದರಿ ವಾಂತಿಯಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 'ಮಲಂಪನಿ' ಎಂದರೆ ಮಲೇರಿಯ. 'ಪ್ರಮೇಹಂ' ಎಂದರೆ ಮಲಯಾಳದಲ್ಲಿ ಸಕ್ಕರೆ ಕಾಯಿಲೆ. ಕನ್ನಡದ ಹಳೆಯ ಬಳಕೆಯಲ್ಲಿ ಪ್ರಮೇಹ ಎಂಬುದು ಮೂತ್ರದ ರೋಗಕ್ಕೂ ಗುಹ್ಯರೋಗಕ್ಕೂ ಇರುವ ಹೆಸರಾದುದರಿಂದ ಹಿರಿಯರೊಬ್ಬರು ಈ ಪ್ರಶ್ನೆಗೆ ಮುಖ ಗಂಟಿಕ್ಕಿ 'ಇಲ್ಲ' ಎಂದರೆ ಆಶ್ಚರ್ಯವಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು ಕಳೆದ 4 ವಾರಗಳಲ್ಲಿ ಮಾತ್ರೆಯಲ್ಲಿ ಬದಲಾವಣೆ ಆಗಿಲ್ಲದಿದ್ದರೆ ರಕ್ತ ಕೊಡಬಹುದು, ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಅಂದರೆ ತಪ್ಪು ತಿಳಿದು ಕೊಟ್ಟ ಉತ್ತರದಿಂದ ತೊಂದರೆಗೆ ಸಿಲುಕುವವರು ಆ ಹಿರಿಯರೇ.

ನಾಯಿ ಕಡಿತದ ಪ್ರಶ್ನೆಯೂ ಬಿಟ್ಟುಹೋಗುವಂತಹದು. ನಾಯಿ ಕಚ್ಚಿದ ನಂತರ ರೇಬಿಸ್ ಚುಚ್ಚುಮದ್ದು ತೆಗೆದುಕೊಂಡವರು ಒಂದು ವರ್ಷ ರಕ್ತ ಕೊಡಬಾರದು. ನೋವಿನ ಮಾತ್ರೆಯ ಪ್ರಶ್ನೆ ಬಂದಾಗ 'ಅದೆಲ್ಲ ಹೇಳಲಿಕ್ಕುಂಟಾ' ಎಂದು ನಗುವವರೇ ಹೆಚ್ಚು. ಆಸ್ಪಿರಿನ್ ತಿಂದು 3 ದಿನ ಆಗಿಲ್ಲದಿದ್ದರೆ ಆ ರಕ್ತದಿಂದ ಪ್ಲೇಟ್‌ಲೆಟ್ ತಯಾರಿಸುವಂತಿಲ್ಲ, ಏಕೆಂದರೆ ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಗುಣವನ್ನೇ ಕೆಡಿಸುತ್ತದೆ. ಕೆಂಪು ಕಣಕ್ಕೆ ಅಡ್ಡಿಯಿಲ್ಲ. ಹೇಳಿದರೆ ಚೀಲ ಬೇರೆ ದಾರಿಗೆ ಹೋಗುತ್ತದೆ ಅಷ್ಟೆ.

ಮಹಿಳೆಯರಿಗಾಗಿ ಕೆಲವು ಪ್ರತ್ಯೇಕ ಪ್ರಶ್ನೆಗಳಿವೆ. ಹೆರಿಗೆಯಾಗಿ 12 ತಿಂಗಳು, ಗರ್ಭಪಾತವಾಗಿ 6 ತಿಂಗಳು ಆಗಿರಬೇಕು, ಮಗುವಿಗೆ ಎದೆಹಾಲು ಕೊಡುತ್ತಿರುವಷ್ಟು ಕಾಲ ಹಾಗೂ ಮುಟ್ಟಿನ ದಿನಗಳಲ್ಲಿ ಕೊಡುವಂತಿಲ್ಲ.

ಒಂದೇ ಗೀಟಿನ ನಮೂನೆ

ಶಿಬಿರಗಳಲ್ಲಿ ಆಗುವ ದೊಡ್ಡ ತಪ್ಪು ಯಾವುದೆಂದರೆ, ಸಾಲು ಉದ್ದವಾದಾಗ ಕಾರ್ಯಕರ್ತರೇ ಎಲ್ಲ ಪ್ರಶ್ನೆಗಳಿಗೆ 'ಇಲ್ಲ' ಎಂದು ಮೇಲಿಂದ ಕೆಳಗೆ ಗೀಟು ಹಾಕಿ ಸಹಿಗೆ ಮಾತ್ರ ದಾನಿಯ ಮುಂದಿಡುವುದು. ಅಂತಹ ನಮೂನೆಯನ್ನು ಗುರುತಿಸುವುದು ಸುಲಭ. ಗಂಡಸರ ಹಾಳೆಯಲ್ಲೂ 'ಗರ್ಭಿಣಿಯೇ' ಎಂಬುದಕ್ಕೆ 'ಇಲ್ಲ' ಎಂಬ ಗುರುತು ಬಿದ್ದಿರುತ್ತದೆ. 'ಇಂದು ಆರೋಗ್ಯವಾಗಿದ್ದೀರಾ' ಎಂಬುದಕ್ಕೂ ಕೆಲವೊಮ್ಮೆ 'ಇಲ್ಲ' ಎಂದೇ ಇರುತ್ತದೆ! ಇಂತಹ ಹಾಳೆಯನ್ನು ನೋಡಿದ ವೈದ್ಯರು ದಾನಿಯನ್ನು ಬದಿಗೆ ಕರೆದು ಹೊಸದಾಗಿ ಕೇಳಬೇಕಾಗುತ್ತದೆ.

ಊರಿನ ಹುಡುಗರ ಮುಂದೆ ಉತ್ತರಿಸುವುದು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಲೈಂಗಿಕ ಸಂಪರ್ಕ, ಗುಹ್ಯರೋಗ, ಮಾದಕ ದ್ರವ್ಯದ ಚುಚ್ಚುಮದ್ದು ಮುಂತಾದ ಪ್ರಶ್ನೆಗಳಿಗೆ ಪರಿಚಯದವರ ಎದುರು ಯಾರೂ ನಿಜ ಹೇಳಲಾರರು. ಮಾರ್ಗಸೂಚಿಯ ಪ್ರಕಾರ ಈ ಭಾಗದ ವಿಚಾರಣೆ ಖಾಸಗಿಯಾಗಿ ನಡೆಯಬೇಕು. ತಡಿಕೆ ಕಟ್ಟಿದ ಒಂದು ಮೂಲೆ ಸಾಕು. ಸ್ನೇಹಿತರ ಗುಂಪಿನ ಜೊತೆ ಬಂದು ಹಿಂದೆ ಸರಿಯಲು ನಾಚಿಕೆಪಡುವವರು ವೈದ್ಯರ ಹತ್ತಿರ ಒಂದು ಮಾತು ಹೇಳಿದರೆ ರಕ್ತದೊತ್ತಡ ಸರಿಯಿಲ್ಲ ಎಂದೋ ಮತ್ತೊಂದೋ ಹೇಳಿ ಅವರನ್ನು ಸುಮ್ಮನೆ ಕಳುಹಿಸಲು ಸಾಧ್ಯವಿದೆ. ಇದೇ ಮಾರ್ಗಸೂಚಿ ಲಿಂಗಾಂತರಿಗಳು, ಪುರುಷರೊಂದಿಗೆ ಸಂಬಂಧವಿರುವ ಪುರುಷರು ಮತ್ತು ಲೈಂಗಿಕ ಕಾರ್ಯಕರ್ತೆಯರನ್ನು ಇಡೀ ಗುಂಪಾಗಿ ದಾನದಿಂದ ಹೊರಗಿಟ್ಟದ್ದನ್ನು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು ಎಂಬುದನ್ನು ಇಲ್ಲಿ ಹೇಳಬಹುದು.

ಎಚ್‌ಐವಿ ಪರೀಕ್ಷೆ ಪುಕ್ಕಟೆಯಾಗಿ ಆಗುತ್ತದೆಂದು ಶಿಬಿರಕ್ಕೆ ಬರುವುದಂತೂ ಅಪಾಯಕಾರಿ. ಸಂಶಯವಿರುವವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಉಚಿತ ಪರೀಕ್ಷಾ ಕೇಂದ್ರಗಳಿವೆ. ಕೇರಳದಲ್ಲಿ ಇವುಗಳಿಗೆ 'ಜ್ಯೋತಿಸ್' ಎಂದು ಹೆಸರು. ಅಲ್ಲಿ ಗುಟ್ಟು ಕಾಪಾಡುತ್ತಾರೆ.

ಆಸ್ಪತ್ರೆಯಲ್ಲಿರುವ ಸಂಬಂಧಿಕರಿಗಾಗಿ ರಕ್ತ ಕೊಡಲು ಓಡಿ ಬಂದವರ ಸ್ಥಿತಿ ಇನ್ನೂ ಕಷ್ಟದ್ದು. ಭಾವನ ಆಪರೇಷನ್ ನಾಳೆ ಎಂದಿರುವಾಗ 'ನನಗೆ ಟೈಫಾಯಿಡ್ ಆಗಿ ಎಂಟೇ ತಿಂಗಳು' ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೆ ಆ ರಕ್ತ ಹೋಗುವುದು ಭಾವನಿಗೋ ಬೇರೆ ರೋಗಿಗೋ, ಇಬ್ಬರೂ ಆಗಲೇ ಬಲಹೀನರು. ಹಣ ಪಡೆದು ರಕ್ತ ಕೊಡುವುದನ್ನು 1996ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿ 1ರಿಂದ ನಿಷೇಧಿಸಲಾಗಿದೆ. ನಮೂನೆಯ ಕೆಳಗಿನ ಒಪ್ಪಿಗೆಯಲ್ಲಿ 'ಯಾವ ಆಮಿಷವೂ ಇಲ್ಲದೆ ಸ್ವಇಚ್ಛೆಯಿಂದ' ಎಂಬ ಅರ್ಥದ ಮಾತು ಇರುವುದು ಇದೇ ಕಾರಣಕ್ಕೆ. ಅಲ್ಲೇ, ಐದು ಸೋಂಕುಗಳ ಪರೀಕ್ಷೆಗೆ ಒಪ್ಪಿಗೆ ಇದೆ ಎಂಬ ವಾಕ್ಯವೂ, ಪರೀಕ್ಷೆಯಲ್ಲಿ ಏನಾದರೂ ಕಂಡುಬಂದರೆ ತಿಳಿಸಬೇಕೇ ಎಂಬ ಪ್ರಶ್ನೆಯೂ ಇರುತ್ತದೆ. ಇದಕ್ಕೆ 'ಹೌದು' ಎಂದು ಬರೆದು ತಮ್ಮದೇ ಮೊಬೈಲ್ ಸಂಖ್ಯೆ ಕೊಡಬೇಕು. ಸಂಘದ ಕಾರ್ಯದರ್ಶಿಯ ಸಂಖ್ಯೆ ಕೊಟ್ಟರೆ ಆ ಕರೆ ಅವರಿಗೆ ಹೋಗುತ್ತದೆ.

ಮೈಲುತುತ್ತಿನ ಪರೀಕ್ಷೆ

ಉತ್ತರಗಳ ನಂತರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಾರೆ. 12.5 ಗ್ರಾಂ ಇರಬೇಕು, ಗಂಡಸರಿಗೂ ಹೆಂಗಸರಿಗೂ ಇದೇ ಮಿತಿ. ಕೆಲವು ಶಿಬಿರಗಳಲ್ಲಿ ಚಿಕ್ಕ ಯಂತ್ರವಿರುತ್ತದೆ, ಕೆಲವೆಡೆ ನೀಲಿ ನೀರಿನ ಬಾಟ್ಲಿ ಇರುತ್ತದೆ. ಆ ನೀಲಿ ನೀರು ತೋಟದವರಿಗೆ ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸುವ ಮೈಲುತುತ್ತಿನದೇ ದ್ರಾವಣ ಅದು. ಅದರ ಸಾಂದ್ರತೆಯನ್ನು 1.053ಕ್ಕೆ ಸರಿಯಾಗಿ ಹೊಂದಿಸಿರುತ್ತಾರೆ. ಒಂದು ಹನಿ ರಕ್ತ ಬಿಟ್ಟಾಗ ಅದು 15 ಸೆಕೆಂಡಿನೊಳಗೆ ತಳಕ್ಕೆ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ. ತೇಲಿದರೆ ಅಥವಾ ನಡುವಿನಲ್ಲಿ ನಿಂತರೆ ಕಡಿಮೆ. ಹನಿಯಲ್ಲಿ ಗಾಳಿಯ ಗುಳ್ಳೆ ಸೇರಿದ್ದರೆ ರಕ್ತ ಚೆನ್ನಾಗಿದ್ದರೂ ತೇಲುವುದುಂಟು, ಅಂತಹ ಸಂದರ್ಭದಲ್ಲಿ ಇನ್ನೊಮ್ಮೆ ನೋಡುವಂತೆ ಕೇಳಬಹುದು. ಇದರ ಜೊತೆಗೆ ನಾಡಿ ನಿಮಿಷಕ್ಕೆ 60ರಿಂದ 100, ರಕ್ತದೊತ್ತಡದ ಮೇಲಿನ ಅಂಕಿ 100ರಿಂದ 140, ಕೆಳಗಿನದು 60ರಿಂದ 90ರ ನಡುವೆ ಇದೆಯೇ ಎಂದು ನೋಡುತ್ತಾರೆ.

ದಾನದ ನಂತರದ ಪತ್ರ

ನಮ್ಮ ಯುವಕ ಜನವರಿಯ ಒಂದು ಭಾನುವಾರ ಮತ್ತೆ ಬಂದಿದ್ದಾನೆ. ಡೆಂಗ್ಯುವಿನ ಅವಧಿ ಮುಗಿದಿದೆ, ಈ ಸಲ ಇಡ್ಲಿ ತಿಂದೇ ಬಂದಿದ್ದಾನೆ. ಚೀಲ ತುಂಬಲು ಐದರಿಂದ ಹತ್ತು ನಿಮಿಷ. 11 ಗಂಟೆಗೆ ಮುಗಿಯಿತು. ಕೈಗೆ ಸೂಚನಾ ಪತ್ರ ಬಂತು.

ಅದರಲ್ಲಿ ಸಾಮಾನ್ಯವಾಗಿ ಇರುವ ಮಾತುಗಳು ಇವು: 15ರಿಂದ 20 ನಿಮಿಷ ಅಲ್ಲೇ ಕುಳಿತಿರಿ, ಮುಂದಿನ 4 ಗಂಟೆ ಮಾಮೂಲಿಗಿಂತ ಹೆಚ್ಚು ನೀರು ಕುಡಿಯಿರಿ, ಸ್ವಲ್ಪ ಹೊತ್ತು ಬೀಡಿ ಸಿಗರೇಟು ಬೇಡ, ಆ ದಿನ ಮದ್ಯ ಬೇಡ, ಪಟ್ಟಿಯನ್ನು ಕೆಲವು ಗಂಟೆ ಬಿಚ್ಚಬೇಡಿ, ಆ ಕೈಯಲ್ಲಿ ಭಾರ ಎತ್ತಬೇಡಿ. ಇವುಗಳಲ್ಲಿ ಜನ ಮೊದಲು ಮುರಿಯುವುದು ಕುಳಿತಿರಿ ಎಂಬುದನ್ನು. ತಲೆ ಸುತ್ತುವುದು ಹೆಚ್ಚಾಗಿ ಆಗುವುದು ಸೂಜಿ ಇರುವಾಗ ಅಥವಾ ಎದ್ದ ಮೇಲಿನ ಮೊದಲ ನಿಮಿಷಗಳಲ್ಲಿ. ಮೊದಲ ಸಲದವರು, ಚಿಕ್ಕ ವಯಸ್ಸಿನವರು ಮತ್ತು ತೂಕ ಕಡಿಮೆಯಿರುವವರಲ್ಲಿ ಇದು ಜಾಸ್ತಿ. ಮುಖ ಬಿಳಿಚುವುದು, ಹಣೆ ಬೆವರುವುದು, ಪದೇ ಪದೇ ಆಕಳಿಕೆ, ಹೊಟ್ಟೆ ತೊಳಸುವುದು ಇದರ ಮುನ್ಸೂಚನೆ. ರಕ್ತ ಹೋದುದರಿಂದ ಹೀಗಾಯಿತೆಂದು ಜೊತೆಯವರು ಹೆದರುತ್ತಾರೆ. ನಿಜವಾಗಿ ಇದು ನರಗಳ ಪ್ರತಿಕ್ರಿಯೆ, ನಾಡಿ ನಿಧಾನವಾಗಿ ಒತ್ತಡ ಇಳಿಯುತ್ತದೆ. ಕೂಡಲೇ ಮಲಗಿಸಿ ಕಾಲನ್ನು ಎತ್ತರಿಸಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಸರಿಯಾಗುತ್ತದೆ. ನೀರು ಕುಡಿಸುವುದು ಪೂರ್ತಿ ಎಚ್ಚರವಾದ ಮೇಲೆ ಮಾತ್ರ. ಬಿದ್ದವರನ್ನು ಇಬ್ಬರು ತೋಳು ಹಿಡಿದು ನಿಲ್ಲಿಸುವುದು ನಮ್ಮಲ್ಲಿ ಕಾಣುವ ಕ್ರಮ. ಅದರಿಂದ ಮತ್ತೆ ಬೀಳುತ್ತಾರೆ.

ಕೆಲವರಿಗೆ ಶಿಬಿರದಲ್ಲಿ ಏನೂ ಆಗದೆ ಗಂಟೆಗಳ ನಂತರ ತಲೆ ತಿರುಗುತ್ತದೆ. ಬಿಸಿಲಿನಲ್ಲಿ ಬಸ್ಸಿಗೆ ನಿಂತಾಗ, ಬಿಸಿನೀರಿನ ಸ್ನಾನದಲ್ಲಿ, ಬೈಕಿನಲ್ಲಿ. ಈ ಯುವಕನ ವಿಷಯದಲ್ಲಿ ಇದೇ ಮುಖ್ಯ. ಜನವರಿ ಅಡಿಕೆ ಕೊಯ್ಲಿನ ಕಾಲ. ತಲೆ ತಿರುಗಿದರೆ ಅವನು ಬೀಳುವುದು ಬೆಂಚಿನಿಂದಲ್ಲ, ಐವತ್ತು ಅಡಿ ಮೇಲಿನಿಂದ. ದೂರ ಪ್ರಯಾಣದ ಚಾಲಕರು, ಎತ್ತರದಲ್ಲಿ ದುಡಿಯುವವರು ಮುಂತಾದವರು ಮುಂದಿನ ಕೆಲಸಕ್ಕೆ ಕನಿಷ್ಠ 24 ಗಂಟೆ ಇರುವಾಗ ಮಾತ್ರ ರಕ್ತ ಕೊಡಬೇಕೆಂಬ ನಿಯಮ ಇಂತಹವರಿಗಾಗಿಯೇ ಇದೆ. ಭಾನುವಾರ 11ಕ್ಕೆ ಕೊಟ್ಟವನು ಸೋಮವಾರ ಬೆಳಿಗ್ಗೆ 7ಕ್ಕೆ ಮರ ಹತ್ತಿದರೆ ಅದು 20 ಗಂಟೆ ಮಾತ್ರ. ಸೋಮವಾರ ಅಡಿಕೆ ಹೆಕ್ಕುವ, ಒಣಗಿಸುವ ಕೆಲಸಕ್ಕಷ್ಟೇ ಹೋಗಿ ಮಂಗಳವಾರ ಹತ್ತುವುದು ಸರಿಯಾದ ಲೆಕ್ಕ. ಕಳೆದುಹೋದ ರಕ್ತದ ನೀರಿನ ಅಂಶ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ತೆಂಗು ಅಡಿಕೆ ಹತ್ತುವವರು, ಮಂಗಳೂರಿಗೆ ಲಾರಿ ಓಡಿಸುವವರು, ಆಳ ಬಾವಿಗೆ ಇಳಿಯುವವರು ಕೆಲಸವಿಲ್ಲದ ದಿನದ ಹಿಂದಿನ ದಿನವೇ ಕೊಡುವುದು ಕ್ಷೇಮ. ಪ್ರಶ್ನಾವಳಿಯಲ್ಲಿ ಉದ್ಯೋಗದ ಕಾಲಂ ಇರುವುದು ಸುಮ್ಮನಲ್ಲ, ಅಲ್ಲಿ 'ಕೂಲಿ' ಎಂದು ಬರೆದರೆ ಯಾರಿಗೂ ಇದನ್ನು ಹೇಳಬೇಕೆಂದು ಹೊಳೆಯುವುದಿಲ್ಲ.

ಸೂಜಿ ಚುಚ್ಚಿದಲ್ಲಿ ಮತ್ತೆ ರಕ್ತ ಬಂದರೆ ಕೈ ಮೇಲೆತ್ತಿ ಹತ್ತಿಯಿಂದ ಬಲವಾಗಿ ಒತ್ತಬೇಕು. ಮರುದಿನ ನೀಲಿಯಾಗಿ ಬಾತುಕೊಂಡರೆ ತಣ್ಣೀರಿನ ಬಟ್ಟೆ ಇಡಬಹುದು. ಅದು ಹಸಿರು, ಹಳದಿಯಾಗುತ್ತಾ ವಾರ ಹತ್ತು ದಿನಗಳಲ್ಲಿ ಹೋಗುತ್ತದೆ. ಉಜ್ಜುವುದು, ತೈಲ ತಿಕ್ಕುವುದು ಬೇಡ. ಬಾವು ಗಂಟೆಯಿಂದ ಗಂಟೆಗೆ ದೊಡ್ಡದಾಗುತ್ತಿದ್ದರೆ, ಬೆರಳುಗಳು ಜೋಮು ಹಿಡಿದರೆ ಅಥವಾ ಕರೆಂಟು ಹೊಡೆದಂತೆ ನೋವು ಕೈಯುದ್ದಕ್ಕೂ ಇಳಿದರೆ ಅದು ನರಕ್ಕೆ ಅಥವಾ ಅಪಧಮನಿಗೆ ತಾಗಿದ ಸೂಚನೆಯಾಗಬಹುದು. ಅಪರೂಪ, ಆದರೆ ಕಾಯದೆ ರಕ್ತ ಕೇಂದ್ರಕ್ಕೆ ಅಥವಾ ವೈದ್ಯರಲ್ಲಿಗೆ ಹೋಗಬೇಕು.

ಕಬ್ಬಿಣದ ಅಂಶ ಮಾತ್ರ ನಿಧಾನ. ಕೆಂಪು ಕಣಗಳು ತುಂಬಲು ಒಂದೆರಡು ತಿಂಗಳು, ಕಬ್ಬಿಣದ ದಾಸ್ತಾನು ಮರಳಲು ಅದಕ್ಕಿಂತ ಹೆಚ್ಚು ಬೇಕು. ಗಂಡಸರು 90 ದಿನ, ಹೆಂಗಸರು 120 ದಿನ ಕಳೆದ ಮೇಲೆಯೇ ಮತ್ತೆ ಕೊಡಬೇಕೆಂಬ ನಿಯಮ ಇದರಿಂದ ಬಂದದ್ದು. ಊಟವಾದ ಕೂಡಲೇ ಚಾ ಕುಡಿಯುವ ಅಭ್ಯಾಸವಿರುವವರು ಸ್ವಲ್ಪ ಹೊತ್ತು ಬಿಟ್ಟು ಕುಡಿದರೆ ಆಹಾರದ ಕಬ್ಬಿಣ ಮೈಗೆ ಹೆಚ್ಚು ಸೇರುತ್ತದೆ.

ಎರಡು ದಿನದ ನಂತರದ ಫೋನ್

ಸೂಚನಾ ಪತ್ರದ ಕೊನೆಯಲ್ಲಿ ರಕ್ತ ಕೇಂದ್ರದ ಫೋನ್ ಸಂಖ್ಯೆ ಇರುತ್ತದೆ. ಅದು ದಾನಿಗೆ ತೊಂದರೆಯಾದರೆ ಮಾತ್ರ ಎಂದು ಎಲ್ಲರೂ ತಿಳಿಯುತ್ತಾರೆ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಭಾನುವಾರ ರಕ್ತ ಕೊಟ್ಟ ಯುವಕನಿಗೆ ಮಂಗಳವಾರ ರಾತ್ರಿ ಚಳಿ ಜ್ವರ ಬಂದರೆ, ಭಾನುವಾರ ಅವನು ಕೊಟ್ಟ ರಕ್ತದಲ್ಲೇ ಆ ರೋಗಾಣು ಇದ್ದಿರುವ ಸಾಧ್ಯತೆ ಇದೆ. ಡೆಂಗ್ಯುವಿನಲ್ಲಿ ಜ್ವರಕ್ಕೆ ಒಂದೆರಡು ದಿನ ಮೊದಲೇ ವೈರಸ್ ರಕ್ತದಲ್ಲಿರುತ್ತದೆ. ಪ್ರಶ್ನಾವಳಿ ತುಂಬಿಸುವಾಗ ಅವನು ಸುಳ್ಳು ಹೇಳಿರಲಿಲ್ಲ, ಆಗ ನಿಜವಾಗಿಯೂ ಆರೋಗ್ಯವಾಗಿದ್ದ. ಉತ್ತರ ಬದಲಾದದ್ದು ಈಗ.

ಕೂಡಲೇ ಫೋನ್ ಮಾಡಿದರೆ ಆ ಚೀಲವನ್ನು ಬದಿಗಿಡುತ್ತಾರೆ. ಕೆಂಪು ಕಣವನ್ನು 2ರಿಂದ 6 ಡಿಗ್ರಿಯಲ್ಲಿ ವಾರಗಟ್ಟಲೆ ಇಡುವುದರಿಂದ ಅದು ಇನ್ನೂ ಕೇಂದ್ರದಲ್ಲೇ ಇರುವ ಸಾಧ್ಯತೆ ಹೆಚ್ಚು. ಪ್ಲೇಟ್‌ಲೆಟ್‌ನ ಆಯುಷ್ಯ ಐದೇ ದಿನ, ಅದು ಆಗಲೇ ಹೋಗಿರಬಹುದು. ಹೋಗಿದ್ದರೂ ಫೋನ್ ವ್ಯರ್ಥವಲ್ಲ, ಯಾವ ಆಸ್ಪತ್ರೆಯ ಯಾವ ರೋಗಿಗೆ ಹೋಯಿತೆಂದು ನೋಡಿ ಅಲ್ಲಿನ ವೈದ್ಯರನ್ನು ಎಚ್ಚರಿಸಲು ಸಾಧ್ಯ. ಬುಧವಾರ ಮಾಡಿದ ಫೋನಿಗೂ ಮುಂದಿನ ಸೋಮವಾರ ಮಾಡಿದ ಫೋನಿಗೂ ಇರುವ ವ್ಯತ್ಯಾಸ ಇದು. ದಾನದ ನಂತರದ ಎರಡು ವಾರಗಳೊಳಗೆ ಜ್ವರ, ಭೇದಿ, ಕಾಮಾಲೆ ಬಂದರೂ, ಮನೆಯಲ್ಲಿ ಬೇರೆಯವರಿಗೆ ಕಾಮಾಲೆ ಎಂದು ಗೊತ್ತಾದರೂ, ಪ್ರಶ್ನಾವಳಿಯಲ್ಲಿ ಹೇಳಲು ಮರೆತದ್ದು ಅಥವಾ ಹೇಳಲು ಸಂಕೋಚವಾದದ್ದು ಏನಾದರೂ ಇದ್ದರೂ ಇದೇ ರೀತಿ ತಿಳಿಸಬೇಕು. ಕಾರಣ ವಿವರಿಸಲು ಇಷ್ಟವಿಲ್ಲದವರು 'ನನ್ನ ರಕ್ತವನ್ನು ಉಪಯೋಗಿಸಬೇಡಿ' ಎಂದಷ್ಟೇ ಹೇಳಿದರೂ ಸಾಕಾಗುತ್ತದೆ.

ಫೋನಿನಲ್ಲಿ ಹೆಸರಿಗಿಂತ ಚೀಲದ ಸಂಖ್ಯೆ ಮುಖ್ಯ. ಒಂದೇ ಶಿಬಿರದಲ್ಲಿ ಒಂದೇ ಹೆಸರಿನ ಮೂವರು ಇರುವುದು ನಮ್ಮ ಊರುಗಳಲ್ಲಿ ಹೊಸತಲ್ಲ. ನಮೂನೆ, ಚೀಲ ಮತ್ತು ಪರೀಕ್ಷಾ ಕೊಳವೆಗಳ ಮೇಲೆ ಒಂದೇ ಸಂಖ್ಯೆ ಅಂಟಿಸಿರುತ್ತಾರೆ. ಎದ್ದು ಬರುವ ಮೊದಲು ಆ ಸಂಖ್ಯೆಯನ್ನು ಸೂಚನಾ ಪತ್ರದ ಹಿಂಬದಿಯಲ್ಲಿ ಬರೆಸಿಕೊಂಡು, ದಿನಾಂಕ ಮತ್ತು ಶಿಬಿರ ನಡೆದ ಸ್ಥಳವನ್ನೂ ಅದರಲ್ಲೇ ಗುರುತು ಹಾಕಿ ಎರಡು ವಾರವಾದರೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಂಖ್ಯೆ ಬರೆಸಿಕೊಳ್ಳಲು ಮರೆತವರು ದಿನಾಂಕ, ಸ್ಥಳ ಮತ್ತು ನಮೂನೆಯಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಹೇಳಿದರೆ ಹುಡುಕಿ ತೆಗೆಯಬಹುದು, ಸ್ವಲ್ಪ ತಡವಾಗುತ್ತದೆ.